ಹಣ ಕಟ್ಟಲೂ ಹಣ: ಸಣ್ಣ ವರ್ತಕರ ಚಾಲ್ತಿ ಖಾತೆಯ ನಗದು ಜಮೆ ಶುಲ್ಕದ ಒಳಲೆಕ್ಕ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿದಾಗ, ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್ ಮತ್ತು ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಹಾಳೆಗಳು ಮರೆಯಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ತಿಂಗಳು ವರ್ತಕರಿಗೆ ಭರವಸೆ ನೀಡಿದರು. ಆದರೆ ನಗದಿನ ಕಡೆಗೆ ಹೊರಳಿದ ಅಂಗಡಿಗಳಿಗೆ ಇನ್ನೊಂದು ಲೆಕ್ಕ ಎದುರಾಗುವುದು ಅನಿವಾರ್ಯವಾಗಿತ್ತು. ಗಲ್ಲಾಪೆಟ್ಟಿಗೆಗೆ ಬಂದ ನೋಟುಗಳನ್ನು ಬ್ಯಾಂಕಿಗೆ ಕಟ್ಟುತ್ತಾ ಹೋದಾಗ, ತಿಂಗಳ ಉಚಿತ ಮಿತಿ ಮುಗಿದ ಕ್ಷಣದಿಂದ ಪ್ರತಿ ಜಮೆಗೂ ಶುಲ್ಕ ಬೀಳುತ್ತದೆ.

ಸ್ಟೇಟ್‌ಮೆಂಟಿನಲ್ಲಿ ಈ ಕಡಿತವನ್ನು ಮೊದಲ ಬಾರಿ ಕಂಡವರಿಗೆ ಗೊಂದಲವಾಗುವುದು ಸಹಜ. ಇದು ಸರ್ಕಾರ ಹಾಕಿದ ತೆರಿಗೆಯೇ, ಹಣ ತೆಗೆಯುವುದಕ್ಕಲ್ಲದೆ ಕಟ್ಟುವುದಕ್ಕೂ ಶುಲ್ಕ ಏಕೆ, ಇಂಥ ಶುಲ್ಕವಿಲ್ಲವೆಂದು ಕೇಂದ್ರ ಸರ್ಕಾರವೇ ಒಮ್ಮೆ ಹೇಳಿರಲಿಲ್ಲವೇ ಎಂಬ ಪ್ರಶ್ನೆಗಳು ಏಳುತ್ತವೆ. ಇವುಗಳಿಗೆ ಉತ್ತರ ಹುಡುಕುತ್ತಾ ಹೋದರೆ, ಶುಲ್ಕ ಇರಬೇಕೇ ಬೇಡವೇ ಎಂಬುದಕ್ಕಿಂತ ಅದನ್ನು ಯಾವ ಅಳತೆಯಲ್ಲಿ ಹಾಕಲಾಗುತ್ತಿದೆ ಎಂಬುದೇ ಮುಖ್ಯವಾದ ಪ್ರಶ್ನೆ ಎಂದು ತಿಳಿಯುತ್ತದೆ.

ದರ ನಿಗದಿ ಮಾಡುವವರು ಯಾರು

ಇದು ತೆರಿಗೆಯಲ್ಲ. ಬ್ಯಾಂಕುಗಳ ಸೇವಾ ಶುಲ್ಕಗಳಿಗೆ ಹಿಂದೆ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ದರಗಳನ್ನು ಗೊತ್ತುಪಡಿಸುತ್ತಿತ್ತು. 1999ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಆ ಪದ್ಧತಿಯನ್ನು ಕೈಬಿಟ್ಟು, ದರವನ್ನು ತೀರ್ಮಾನಿಸುವ ಅಧಿಕಾರವನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಗೇ ಬಿಟ್ಟುಕೊಟ್ಟಿತು. ಶುಲ್ಕವು ಸಮಂಜಸವಾಗಿರಬೇಕು, ಸೇವೆಗೆ ತಗಲುವ ಸರಾಸರಿ ವೆಚ್ಚಕ್ಕೆ ಹೊಂದದಷ್ಟು ಹೆಚ್ಚಿರಬಾರದು ಎಂಬ ಸೂಚನೆ ಇದೆಯಾದರೂ ಸಾವಿರಕ್ಕೆ ಇಷ್ಟೇ ರೂಪಾಯಿ ಎಂಬ ಗರಿಷ್ಠ ಮಿತಿ ಇಲ್ಲ. ಒಂದೇ ಬೀದಿಯ ಎರಡು ಬ್ಯಾಂಕುಗಳಲ್ಲಿ ಎರಡು ದರ ಇರುವುದಕ್ಕೂ, ಒಂದೇ ಬ್ಯಾಂಕಿನ ಎರಡು ಬಗೆಯ ಚಾಲ್ತಿ ಖಾತೆಗಳಿಗೆ ಬೇರೆ ಬೇರೆ ಮಿತಿ ಇರುವುದಕ್ಕೂ ಇದೇ ಕಾರಣ.

ಸರ್ಕಾರ ‘ಶುಲ್ಕವಿಲ್ಲ’ ಎಂದಿತ್ತಲ್ಲ ಎಂಬ ನೆನಪಿನ ಮೂಲ 2020ರ ನವೆಂಬರಿನಲ್ಲಿದೆ. ಆಗ ಬ್ಯಾಂಕ್ ಆಫ್ ಬರೋಡಾ ತಿಂಗಳ ಉಚಿತ ನಗದು ಜಮೆ ಮತ್ತು ಹಿಂಪಡೆತಗಳ ಸಂಖ್ಯೆಯನ್ನು ಐದರಿಂದ ಮೂರಕ್ಕೆ ಇಳಿಸಿತ್ತು. ಟೀಕೆ ಬಂದ ಮೇಲೆ ಅದು ಬದಲಾವಣೆಯನ್ನು ಹಿಂತೆಗೆದುಕೊಂಡಿತು. ಜನಧನ್ ಸೇರಿದಂತೆ ಮೂಲ ಉಳಿತಾಯ ಖಾತೆಗಳ ಉಚಿತ ಸೇವೆಗಳಿಗೆ ಶುಲ್ಕವಿಲ್ಲವೆಂದು ಹಣಕಾಸು ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಆ ಭರವಸೆ ಬಡವರ ಮೂಲ ಉಳಿತಾಯ ಖಾತೆಗೆ ಸಂಬಂಧಿಸಿದ್ದು. ವ್ಯಾಪಾರದ ಚಾಲ್ತಿ ಖಾತೆ, ಕ್ಯಾಶ್ ಕ್ರೆಡಿಟ್ ಮತ್ತು ಓವರ್‌ಡ್ರಾಫ್ಟ್ ಖಾತೆಗಳಿಗೆ ಅಂಥ ವಿನಾಯಿತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಉಚಿತ ಮಿತಿಗೆ ಎರಡು ಗೆರೆಗಳು

ದರಪಟ್ಟಿಯನ್ನು ಓದುವಾಗ ಹೆಚ್ಚಿನವರ ಕಣ್ಣು ‘ತಿಂಗಳಿಗೆ ಎರಡು ಲಕ್ಷದವರೆಗೆ ಉಚಿತ’ ಎಂಬ ಮಾತಿನ ಮೇಲೆ ನಿಂತುಬಿಡುತ್ತದೆ. ಅದರ ಪಕ್ಕದಲ್ಲೇ ಜಮೆಗಳ ಸಂಖ್ಯೆಯ ಮಿತಿಯೂ ಇರುವುದುಂಟು. ಇಂಥ ಕಡೆ ಮೊತ್ತ ಅಥವಾ ಸಂಖ್ಯೆ, ಯಾವುದು ಮೊದಲು ಮೀರುತ್ತದೋ ಅಲ್ಲಿಂದ ಶುಲ್ಕ ಆರಂಭವಾಗುತ್ತದೆ. ಖಾತೆ ತೆರೆದ ಮೂಲ ಶಾಖೆಗೆ ಒಂದು ಮಿತಿ, ಬೇರೆ ಶಾಖೆಗೆ ಅದಕ್ಕಿಂತ ಕಡಿಮೆ ಮಿತಿ ಎಂಬ ಭೇದವೂ ಉಂಟು. ನಗದು ಜಮೆ ಯಂತ್ರದಲ್ಲಿ ಕಟ್ಟಿದ್ದನ್ನೂ ಕೌಂಟರಿನಲ್ಲಿ ಕಟ್ಟಿದ್ದನ್ನೂ ಹಲವು ಬ್ಯಾಂಕುಗಳು ಒಟ್ಟಿಗೇ ಕೂಡಿಸುತ್ತವೆ. ಆದ್ದರಿಂದ ಯಂತ್ರಕ್ಕೆ ಹಾಕಿದರೆ ಶುಲ್ಕ ತಪ್ಪುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ನಿಜವಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಷರತ್ತಿದೆ. ಕೆಲವು ಖಾತೆಗಳಲ್ಲಿ ಉಚಿತ ಮಿತಿಯು ಸ್ಥಿರ ಮೊತ್ತವಾಗಿರದೆ, ಖಾತೆಯಲ್ಲಿ ಉಳಿಸಿದ ಸರಾಸರಿ ಶಿಲ್ಕಿನ ಇಂತಿಷ್ಟು ಪಟ್ಟು ಎಂದಿರುತ್ತದೆ. ಹಬ್ಬಕ್ಕೆ ಮುಂಚೆ ದಾಸ್ತಾನು ತುಂಬಿಸಲು ಖಾತೆಯನ್ನು ಬರಿದು ಮಾಡಿದ ವರ್ತಕನಿಗೆ, ಹಬ್ಬದ ವ್ಯಾಪಾರದ ನಗದು ಬರುವ ಹೊತ್ತಿಗೆ ಉಚಿತ ಮಿತಿಯೇ ಕುಗ್ಗಿರುತ್ತದೆ. ಬ್ಯಾಂಕು ದರ ಏರಿಸಿಲ್ಲ, ವರ್ತಕ ತಪ್ಪು ಮಾಡಿಲ್ಲ. ಆದರೂ ಕಡಿತ ದೊಡ್ಡದಾಗಿ ಕಾಣುತ್ತದೆ.

ಒಂದು ದಿನಸಿ ಅಂಗಡಿಯ ತಿಂಗಳು

ಲೆಕ್ಕ ಕಣ್ಣಿಗೆ ಕಟ್ಟುವಂತಾಗಲು ದಾವಣಗೆರೆಯಂಥ ಊರಿನ ಒಂದು ದಿನಸಿ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಅದರ ಚಾಲ್ತಿ ಖಾತೆಗೆ ತಿಂಗಳಿಗೆ 2 ಲಕ್ಷ ರೂಪಾಯಿ ಅಥವಾ 25 ಜಮೆ ಉಚಿತ. ಆಮೇಲೆ ಸಾವಿರಕ್ಕೆ 4 ರೂಪಾಯಿ, ಪ್ರತಿ ಜಮೆಗೆ ಕನಿಷ್ಠ 50 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಎಂದಿಟ್ಟುಕೊಳ್ಳೋಣ. ಅಂಗಡಿಯವರು ಪ್ರತಿ ಸಲ 18,000 ರೂಪಾಯಿಯಂತೆ ತಿಂಗಳಿಗೆ 25 ಬಾರಿ ಕಟ್ಟುತ್ತಾರೆ. ಒಟ್ಟು 4,50,000 ರೂಪಾಯಿ.

ಹನ್ನೊಂದನೆಯ ಜಮೆಯ ಹೊತ್ತಿಗೆ 1,98,000 ಆಗಿರುತ್ತದೆ. ಹನ್ನೆರಡನೆಯ ಜಮೆಯಲ್ಲಿ 2,000 ಮಾತ್ರ ಉಚಿತ. ಉಳಿದ 16,000ಕ್ಕೆ 64 ರೂಪಾಯಿ ಶುಲ್ಕ. ಅಲ್ಲಿಂದ ಮುಂದಿನ ಹದಿಮೂರು ಜಮೆಗಳಿಗೆ ತಲಾ 72 ರೂಪಾಯಿಯಂತೆ 936. ಎರಡೂ ಸೇರಿ 1,000 ರೂಪಾಯಿ, ಜಿಎಸ್‌ಟಿ 180, ಒಟ್ಟು 1,180. ವರ್ಷಕ್ಕೆ 14,160 ರೂಪಾಯಿ.

ನಾಲ್ಕೂವರೆ ಲಕ್ಷದ ಎದುರಿಗೆ 1,180 ರೂಪಾಯಿ ಸಣ್ಣದಾಗಿ ತೋರಬಹುದು. ಆದರೆ ವರ್ತಕನ ಕೈಗೆ ಉಳಿಯುವುದು ಮಾರಾಟದ ಮೊತ್ತವಲ್ಲ, ಅದರ ಮೇಲಿನ ಲಾಭ. ಅಕ್ಕಿ, ಸಕ್ಕರೆ, ಎಣ್ಣೆಯಂಥ ಸರಕಿನಲ್ಲಿ ಬಾಡಿಗೆ, ಕೂಲಿ, ವಿದ್ಯುತ್ ಬಿಲ್ಲು ಕಳೆದು ನೂರಕ್ಕೆ ಎರಡು ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಮಿತಿ ಮೀರಿ ಕಟ್ಟಿದ 2,50,000 ರೂಪಾಯಿಯ ವ್ಯಾಪಾರದಲ್ಲಿ ಉಳಿದದ್ದು 5,000. ಅದರಲ್ಲಿ 1,180 ರೂಪಾಯಿ, ಅಂದರೆ ಹೆಚ್ಚುಕಡಿಮೆ ಕಾಲು ಭಾಗ, ನೋಟನ್ನು ಖಾತೆಗೆ ಸೇರಿಸುವುದಕ್ಕೇ ಹೋಯಿತು. ಲಾಭಾಂಶ ದೊಡ್ಡದಿರುವ ಬಟ್ಟೆ ಅಂಗಡಿಗೂ ಲಾಭಾಂಶ ತೆಳುವಾದ ದಿನಸಿ ಅಂಗಡಿಗೂ ಒಂದೇ ದರ ಇರುವುದರಿಂದ ಹೊರೆ ಮಾತ್ರ ಒಂದೇ ಆಗುವುದಿಲ್ಲ.

ಜಿಎಸ್‌ಟಿಯ 180 ರೂಪಾಯಿಯಲ್ಲೂ ಒಂದು ಅಸಮಾನತೆ ಅಡಗಿದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಬ್ಯಾಂಕಿನ ಖಾತೆಗೆ ಜೋಡಿಸಿದ್ದರೆ, ಈ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಮ್ಮ ತೆರಿಗೆಯಿಂದ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಮತ್ತು ನೋಂದಣಿಯ ಮಿತಿಯೊಳಗೇ ಇರುವ ಚಿಕ್ಕವರಿಗೆ ಆ ಅವಕಾಶವಿಲ್ಲ. ಒಂದೇ ಶುಲ್ಕವು ದೊಡ್ಡ ವರ್ತಕನಿಗೆ 1,000 ರೂಪಾಯಿ, ಚಿಕ್ಕವನಿಗೆ 1,180 ರೂಪಾಯಿ ಆಗುವುದು ಹೀಗೆ.

ಕನಿಷ್ಠ ಶುಲ್ಕದ ಪೆಟ್ಟು ಯಾರಿಗೆ

ಇನ್ನೂ ಚಿಕ್ಕ ವ್ಯಾಪಾರವನ್ನು ನೋಡೋಣ. ಅದೇ ದರಪಟ್ಟಿಯಲ್ಲಿ ಒಂದು ಹೋಟೆಲಿನವರು ದಿನಕ್ಕೆ 9,000 ರೂಪಾಯಿಯಂತೆ 25 ಬಾರಿ ಕಟ್ಟಿದರೆ ತಿಂಗಳಿಗೆ 2,25,000. ಮಿತಿ ಮೀರಿದ್ದು 25,000 ಮಾತ್ರ. ದರದಂತೆ 100 ರೂಪಾಯಿ ಬೀಳಬೇಕು. ಆದರೆ ಕೊನೆಯ ಮೂರು ಜಮೆಗಳಿಗೆ ಲೆಕ್ಕ ಹಾಕಿದಾಗ 28, 36, 36 ರೂಪಾಯಿ ಬರುತ್ತದೆ. ಮೂರೂ ಐವತ್ತಕ್ಕಿಂತ ಕಡಿಮೆ ಇರುವುದರಿಂದ ತಲಾ 50ರಂತೆ 150 ರೂಪಾಯಿ ಕಡಿತವಾಗುತ್ತದೆ. ಸಾವಿರಕ್ಕೆ 4 ಎಂದಿದ್ದ ದರ ಇವರಿಗೆ ಸಾವಿರಕ್ಕೆ 6 ಆಯಿತು.

ಕೊನೆಯ ಮೂರು ದಿನದ ಹಣವನ್ನು ಒಂದೇ ಚಲನ್‌ನಲ್ಲಿ ಕಟ್ಟಿದ್ದರೆ ಶುಲ್ಕ ನೂರಕ್ಕೇ ನಿಲ್ಲುತ್ತಿತ್ತು. ಈ ದರದಲ್ಲಿ ಮಿತಿ ಮೀರಿದ ಮೇಲೆ 12,500 ರೂಪಾಯಿಗಿಂತ ಕಡಿಮೆ ಮೊತ್ತವನ್ನು ಬಿಡಿಬಿಡಿಯಾಗಿ ಕಟ್ಟುವುದು ನಷ್ಟ. ಅದಕ್ಕಿಂತ ಮೇಲಿನ ಜಮೆಗಳನ್ನು ಒಟ್ಟುಗೂಡಿಸಿ ಕಟ್ಟಿದರೆ ಏನೂ ಉಳಿಯುವುದಿಲ್ಲ. ಆದರೆ ಒಟ್ಟುಗೂಡಿಸುವುದೆಂದರೆ ಎರಡು ಮೂರು ರಾತ್ರಿ ಹಣವನ್ನು ಅಂಗಡಿಯಲ್ಲೋ ಮನೆಯಲ್ಲೋ ಇಟ್ಟುಕೊಳ್ಳುವುದು. ಐವತ್ತು ರೂಪಾಯಿ ಉಳಿಸಲು ಇಪ್ಪತ್ತೇಳು ಸಾವಿರವನ್ನು ಅಪಾಯಕ್ಕೆ ಒಡ್ಡುವ ಒತ್ತಡವನ್ನು ಒಂದು ದರಪಟ್ಟಿ ಸೃಷ್ಟಿಸಬಾರದಿತ್ತು.

ಬ್ಯಾಂಕಿಗೆ ಖರ್ಚು ಬರುವುದು ನೋಟಿನ ಎಣಿಕೆಯಲ್ಲಿ

ನಗದನ್ನು ನಿರ್ವಹಿಸಲು ಖರ್ಚಾಗುತ್ತದೆ ಎಂಬ ಬ್ಯಾಂಕುಗಳ ವಾದ ಸುಳ್ಳಲ್ಲ. ಕೌಂಟರಿಗೆ ಬಂದ ನೋಟನ್ನು ಎಣಿಸಬೇಕು, ಖೋಟಾ ನೋಟಿದೆಯೇ ಎಂದು ನೋಡಬೇಕು, ಮುಖಬೆಲೆಗೆ ತಕ್ಕಂತೆ ವಿಂಗಡಿಸಿ ನೂರರ ಕಟ್ಟು ಮಾಡಬೇಕು. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಖಬೆಲೆಯ ನೋಟುಗಳನ್ನು ಯಂತ್ರದಲ್ಲಿ ಪರೀಕ್ಷಿಸದೆ ಮತ್ತೆ ಗಿರಾಕಿಗಳಿಗೆ ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಒಂದೇ ಜಮೆಯಲ್ಲಿ ಐದು ಅಥವಾ ಹೆಚ್ಚು ಖೋಟಾ ನೋಟು ಸಿಕ್ಕರೆ ಪೊಲೀಸ್ ದೂರು ದಾಖಲಿಸಬೇಕು. ಶಾಖೆಯಲ್ಲಿ ಇಟ್ಟುಕೊಳ್ಳಬಹುದಾದ ನಗದಿಗೂ ಮಿತಿ ಇರುವುದರಿಂದ ಹೆಚ್ಚಾದದ್ದನ್ನು ಕಾವಲಿನೊಂದಿಗೆ ವಾಹನದಲ್ಲಿ ಕರೆನ್ಸಿ ಚೆಸ್ಟಿಗೆ, ಅಂದರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟುಗಳನ್ನು ಇರಿಸುವ ಭಂಡಾರಕ್ಕೆ, ಸಾಗಿಸಬೇಕು. ಇದೇ ಹಣ ಯುಪಿಐ ಮೂಲಕ ಬಂದಿದ್ದರೆ ಇವುಗಳಲ್ಲಿ ಒಂದೂ ಇರುತ್ತಿರಲಿಲ್ಲ ಎಂಬುದು ಬ್ಯಾಂಕುಗಳ ಮಾತು.

ಆದರೆ ಈ ಕೆಲಸಗಳನ್ನೇ ಹತ್ತಿರದಿಂದ ನೋಡಿದರೆ, ಎಣಿಕೆ, ಪರೀಕ್ಷೆ, ಕಟ್ಟು, ಸಾಗಣೆ ಇವೆಲ್ಲವೂ ಹೆಚ್ಚುಕಡಿಮೆ ನೋಟುಗಳ ಸಂಖ್ಯೆಯನ್ನು ಅವಲಂಬಿಸಿವೆಯೇ ಹೊರತು ಅವುಗಳ ಬೆಲೆಯನ್ನಲ್ಲ. ಬ್ಯಾಂಕುಗಳು ತಮ್ಮತಮ್ಮಲ್ಲಿ ಲೆಕ್ಕ ತೀರಿಸುವಾಗ ಹೀಗೆಯೇ ನಡೆದುಕೊಳ್ಳುತ್ತವೆ. ತನ್ನದೇ ಚೆಸ್ಟ್ ಇಲ್ಲದ ಬ್ಯಾಂಕಿನ ಶಾಖೆಯು ಬೇರೆ ಬ್ಯಾಂಕಿನ ಚೆಸ್ಟಿಗೆ ನಗದು ಒಪ್ಪಿಸಿದಾಗ ನೂರು ನೋಟಿನ ಕಟ್ಟಿಗೆ 5 ರೂಪಾಯಿ ದರವಿತ್ತು. 2019ರಲ್ಲಿ ರಿಸರ್ವ್ ಬ್ಯಾಂಕು ದೊಡ್ಡ ಆಧುನಿಕ ಚೆಸ್ಟುಗಳಿಗೆ ಇದನ್ನು 8 ರೂಪಾಯಿಯವರೆಗೆ ಏರಿಸಲು ಅನುಮತಿ ನೀಡಿತು. ಅಲ್ಲಿ ಅಳತೆ ಕಟ್ಟಿನದು. ವರ್ತಕನ ಮುಂದೆ ಬಂದಾಗ ಅಳತೆ ಸಾವಿರ ರೂಪಾಯಿಯದು.

ಇದರ ಪರಿಣಾಮವನ್ನು ದಿನಸಿ ಅಂಗಡಿಯ ಅದೇ 2,50,000 ರೂಪಾಯಿಯಲ್ಲಿ ನೋಡಬಹುದು. ಅದೆಲ್ಲವೂ 500ರ ನೋಟುಗಳಾಗಿದ್ದರೆ 500 ನೋಟು, ಅಂದರೆ ಐದು ಕಟ್ಟು. ಚೆಸ್ಟಿನ ದರದಲ್ಲಿ 25ರಿಂದ 40 ರೂಪಾಯಿ. ಅದೇ ಮೊತ್ತ 10 ರೂಪಾಯಿ ನೋಟುಗಳಲ್ಲಿದ್ದರೆ 25,000 ನೋಟು, 250 ಕಟ್ಟು. ಚೆಸ್ಟಿನ ದರದಲ್ಲಿ 1,250ರಿಂದ 2,000 ರೂಪಾಯಿ. ಎರಡು ಸಂದರ್ಭದಲ್ಲೂ ವರ್ತಕನಿಂದ ಪಡೆಯುವುದು 1,000 ರೂಪಾಯಿಯೇ. ಚೆಸ್ಟಿನ ದರದಲ್ಲಿ ಕ್ಯಾಷಿಯರ್ ಸಂಬಳ, ವಾಹನ, ವಿಮೆ ಸೇರಿಲ್ಲ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಐದು ಕಟ್ಟು ಐನೂರರ ನೋಟಿಗೆ 1,000 ರೂಪಾಯಿ ಖರ್ಚಾಗುತ್ತದೆ ಎಂದು ಒಪ್ಪುವುದು ಕಷ್ಟ. ದೊಡ್ಡ ನೋಟು ತಂದವರು ಕೊಟ್ಟ ಹೆಚ್ಚಿನ ಹಣದಿಂದ ಚಿಲ್ಲರೆ ನೋಟಿನ ಖರ್ಚು ತುಂಬುತ್ತಿದೆ ಎನ್ನಬಹುದು, ಆದರೆ ಚಿಲ್ಲರೆ ನೋಟಿಗೂ ನಾಣ್ಯಕ್ಕೂ ಬೇರೆ ಹೆಚ್ಚುವರಿ ಶುಲ್ಕ ಇಟ್ಟಿರುವ ಬ್ಯಾಂಕುಗಳ ಮಟ್ಟಿಗೆ ಆ ಸಮರ್ಥನೆಯೂ ಸಡಿಲವಾಗುತ್ತದೆ.

ವರ್ತಕರ ಮರುವಾದ ಮತ್ತು ಅದರ ಮಿತಿ

ಚಾಲ್ತಿ ಖಾತೆಯ ಶಿಲ್ಕಿಗೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ. ಕನಿಷ್ಠ ಶಿಲ್ಕು ಇಡಲೇಬೇಕು, ಇಡದಿದ್ದರೆ ದಂಡ. ವರ್ತಕರ ಹಣ ಬಡ್ಡಿಯಿಲ್ಲದೆ ಬ್ಯಾಂಕಿನ ಬಳಕೆಗೆ ಸಿಗುತ್ತಿರುವಾಗ ಸೇವೆಯ ಬೆಲೆ ಒಂದು ಬಾರಿ ಸಂದಾಯವಾಗಿದೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಜೊತೆಗೆ, ವರ್ತಕರು ತಂದ ಒಳ್ಳೆಯ 500ರ ನೋಟುಗಳನ್ನು ಪರೀಕ್ಷಿಸಿದ ಮೇಲೆ ಅದೇ ಶಾಖೆ ಹಿಂಪಡೆಯುವವರಿಗೆ ಕೊಡುತ್ತದೆ, ಎಟಿಎಂಗೂ ತುಂಬಬಹುದು. ಆಗ ಚೆಸ್ಟಿನಿಂದ ನೋಟು ತರಿಸುವ ಖರ್ಚು ಅಷ್ಟರಮಟ್ಟಿಗೆ ತಪ್ಪುತ್ತದೆ. ಆ ಉಳಿತಾಯ ದರಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹಾಗೆಂದು ಶುಲ್ಕವನ್ನು ಸಂಪೂರ್ಣವಾಗಿ ನೋಟಿನ ಸಂಖ್ಯೆಗೆ ಬದಲಾಯಿಸಿದರೆ ನ್ಯಾಯ ತಾನಾಗಿ ಸಿಗುವುದಿಲ್ಲ. ಹತ್ತು, ಇಪ್ಪತ್ತರ ನೋಟು ಹೆಚ್ಚಾಗಿ ಸೇರುವುದು ಹೂವು, ಸೊಪ್ಪು, ಚಹಾ ಮಾರುವವರ ಕೈಯಲ್ಲಿ. ನೋಟಿನ ಲೆಕ್ಕದಲ್ಲಿ ಅತಿ ಹೆಚ್ಚು ಕಟ್ಟಬೇಕಾದವರು ಅವರೇ ಆಗುತ್ತಾರೆ. ಆದ್ದರಿಂದ ಉಚಿತ ಮಿತಿಯನ್ನು ಕಟ್ಟುಗಳಲ್ಲಿ ಧಾರಾಳವಾಗಿ ನಿಗದಿಪಡಿಸಿ, ಮಿತಿ ಮೀರಿದ ಮೇಲೂ ಶುಲ್ಕವು ಮೊತ್ತದ ಇಂತಿಷ್ಟು ಪಾಲನ್ನು ಮೀರದಂತೆ ತಡೆ ಹಾಕಿ, ಪ್ರತಿ ಜಮೆಯ ಕನಿಷ್ಠ ಶುಲ್ಕವನ್ನು ತೆಗೆದುಹಾಕುವುದು ಖರ್ಚಿಗೂ ನ್ಯಾಯಕ್ಕೂ ಹತ್ತಿರವಾದ ದಾರಿ. ಈ ಮೂರರಲ್ಲಿ ಮೂರನೆಯದು ನಾಳೆಯೇ ಮಾಡಬಹುದಾದಷ್ಟು ಸರಳ.

ನಗದು ಬೇರೆ ದಾರಿ ಹಿಡಿದಾಗ

ಶುಲ್ಕ ತಪ್ಪಿಸಿಕೊಳ್ಳಲು ವರ್ತಕರು ಮೊದಲು ಮಾಡುವ ಕೆಲಸವೆಂದರೆ ಬ್ಯಾಂಕಿಗೆ ಕಟ್ಟುವುದನ್ನೇ ಕಡಿಮೆ ಮಾಡುವುದು. ಸರಕು ತಂದುಕೊಟ್ಟ ವಿತರಕನ ಹುಡುಗನಿಗೆ ನೋಟನ್ನೇ ಎಣಿಸಿ ಕೊಟ್ಟರೆ ಅಂಗಡಿಯವರಿಗೆ ಶುಲ್ಕವಿಲ್ಲ. ಆದರೆ ಐವತ್ತು ಅಂಗಡಿಗಳ ನಗದು ವಿತರಕನ ಖಾತೆಗೆ ಹೋಗಿ ಅಲ್ಲಿ ಮಿತಿ ಮೀರುತ್ತದೆ. ಆತ ಅಂಗಡಿಗಳಿಗೆ ಕೊಡುವ ರಿಯಾಯಿತಿಯನ್ನು ಕಡಿತ ಮಾಡಿ ಆ ಖರ್ಚನ್ನು ಅವರ ಮೇಲೇ ಹೊರಿಸುತ್ತಾನೆ. ಅಲ್ಲದೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚಿನ ವ್ಯಾಪಾರದ ಖರ್ಚನ್ನು ನಗದಾಗಿ ಕೊಟ್ಟರೆ, ಪುಸ್ತಕದ ಲೆಕ್ಕದಂತೆ ತೆರಿಗೆ ಕಟ್ಟುವವರಿಗೆ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಆ ಖರ್ಚು ಮಾನ್ಯವಾಗುವುದಿಲ್ಲ.

ಎರಡನೆಯ ಪರಿಣಾಮ ನಿಧಾನವಾದದ್ದು, ಆದರೆ ಹೆಚ್ಚು ಆಳವಾದದ್ದು. ಸಣ್ಣ ಉದ್ಯಮಗಳ ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಸಾಲ ಲೆಕ್ಕಹಾಕುವ ರೂಢಿಯ ಪದ್ಧತಿಯಲ್ಲಿ ಅಂದಾಜು ವಾರ್ಷಿಕ ವಹಿವಾಟಿನ ಶೇಕಡಾ 20ರಷ್ಟನ್ನು ಸಾಲವಾಗಿ ಕೊಡುವ ಸೂತ್ರವಿದೆ. ಆ ವಹಿವಾಟನ್ನು ನಂಬಲು ಅಧಿಕಾರಿ ನೋಡುವುದರಲ್ಲಿ ಖಾತೆಯ ಸ್ಟೇಟ್‌ಮೆಂಟ್ ಮುಖ್ಯ. ವರ್ಷಕ್ಕೆ 54 ಲಕ್ಷದ ನಗದು ಹರಿಯುತ್ತಿದ್ದ ಖಾತೆಯಲ್ಲಿ ಮಿತಿಯೊಳಗಿನ 24 ಲಕ್ಷ ಮಾತ್ರ ಕಾಣಿಸಿದರೆ, 30 ಲಕ್ಷದ ವಹಿವಾಟು ಸಾಲದ ಲೆಕ್ಕದಿಂದ ಕಾಣೆಯಾಗುತ್ತದೆ. ಸೂತ್ರದಂತೆ ಆರು ಲಕ್ಷದ ಸಾಲದ ಅರ್ಹತೆ ಕುಸಿಯುತ್ತದೆ. ವರ್ಷಕ್ಕೆ 14,160 ರೂಪಾಯಿ ಉಳಿಸಿದ ಅಂಗಡಿ ಮುಂದೆ ಕೈಸಾಲಕ್ಕೆ ದುಬಾರಿ ಬಡ್ಡಿ ಕೊಡಬೇಕಾದೀತು.

ಇನ್ನು ಕೆಲವರು ವ್ಯಾಪಾರದ ಹಣವನ್ನು ಮನೆಯವರ ಉಳಿತಾಯ ಖಾತೆಗೆ ಕಟ್ಟುತ್ತಾರೆ. ಉಳಿತಾಯ ಖಾತೆಗಳಿಗೂ ಉಚಿತ ಜಮೆಯ ಮಿತಿ ಇರುವುದಲ್ಲದೆ, ವರ್ಷಕ್ಕೆ 10 ಲಕ್ಷ ರೂಪಾಯಿ ನಗದು ತಲುಪಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಕೊಡಬೇಕು. ಚಾಲ್ತಿ ಖಾತೆಗೆ ಈ ಗೆರೆ 50 ಲಕ್ಷ. ನಮ್ಮ ದಿನಸಿ ಅಂಗಡಿಯ 54 ಲಕ್ಷ ಅದನ್ನೂ ದಾಟುತ್ತದೆ. ಯುಪಿಐ ಬಿಟ್ಟು ನಗದಿಗೆ ಬಂದರೆ ತೆರಿಗೆ ಇಲಾಖೆಯ ಕಣ್ಣು ತಪ್ಪುತ್ತದೆ ಎಂಬ ಎಣಿಕೆ ಹೀಗೆ ಎರಡು ಕಡೆ ತಪ್ಪುತ್ತದೆ: ವರದಿ ಹೋಗುವುದು ನಿಲ್ಲುವುದಿಲ್ಲ, ಶುಲ್ಕ ಹೊಸದಾಗಿ ಸೇರುತ್ತದೆ.

ಮೇಲಿನ ದರ್ಜೆಯ ಖಾತೆ, ತಪ್ಪಾದ ಕಡಿತ, ದೂರು

ಶುಲ್ಕದ ಬಗ್ಗೆ ಕೇಳಿದಾಗ ಶಾಖೆಯವರು ಸಾಮಾನ್ಯವಾಗಿ ಮೇಲಿನ ದರ್ಜೆಯ ಖಾತೆಯನ್ನು ಸೂಚಿಸುತ್ತಾರೆ. ಅದು ಲಾಭವೇ ಎಂಬುದು ಹೆಚ್ಚುವರಿ ಶಿಲ್ಕಿನ ಬೆಲೆಯ ಮೇಲೆ ನಿಂತಿದೆ. ಕನಿಷ್ಠ ಶಿಲ್ಕು 25,000ದಿಂದ 1,00,000ಕ್ಕೆ ಏರಿ, ಉಚಿತ ಮಿತಿ 5 ಲಕ್ಷವಾಗುತ್ತದೆ ಎಂದುಕೊಳ್ಳೋಣ. ವರ್ತಕ ಶೇಕಡಾ 12ರ ಬಡ್ಡಿಗೆ ಸಾಲ ಪಡೆದು ವ್ಯಾಪಾರ ಮಾಡುತ್ತಿದ್ದರೆ, ಖಾತೆಯಲ್ಲಿ ಕಟ್ಟಿಹಾಕಿದ 75,000ದ ಬೆಲೆ ತಿಂಗಳಿಗೆ 750 ರೂಪಾಯಿ. ದಿನಸಿ ಅಂಗಡಿಯ 1,180ಕ್ಕೆ ಹೋಲಿಸಿದರೆ ಇದು ಅಗ್ಗ. ಜಿಎಸ್‌ಟಿ ಸೇರಿ 177 ರೂಪಾಯಿ ಕಟ್ಟುವ ಹೋಟೆಲಿಗೆ ಇದು ಶುದ್ಧ ನಷ್ಟ.

ಕಡಿತ ಸರಿಯಾಗಿದೆಯೇ ಎಂದು ನೋಡಲು, ಸ್ಟೇಟ್‌ಮೆಂಟಿನಲ್ಲಿ CASH HANDLING CHARGES ಅಥವಾ ಅಂಥದ್ದೇ ಮೊಟಕು ಹೆಸರಿನ ಸಾಲನ್ನು ಹುಡುಕಿ, ಅದು ಯಾವ ತಿಂಗಳ ಜಮೆಗೆ ಸಂಬಂಧಿಸಿದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹಿಂದಿನ ತಿಂಗಳ ಶುಲ್ಕ ಮುಂದಿನ ತಿಂಗಳು ಬೀಳುವುದುಂಟು. ಆ ತಿಂಗಳ ಜಮೆಗಳನ್ನು ಮೂಲ ಶಾಖೆ, ಬೇರೆ ಶಾಖೆ ಎಂದು ಬೇರ್ಪಡಿಸಿ ಕೂಡಿಸಿ, ಮಿತಿಯನ್ನು ಕಳೆದು, ಉಳಿದದ್ದಕ್ಕೆ ಜಮೆವಾರು ದರ ಹಾಕಿ, ಕೊನೆಗೆ ಜಿಎಸ್‌ಟಿ ಸೇರಿಸಿದರೆ ಕಡಿತದ ಮೊತ್ತ ಸಿಗಬೇಕು. ಸಿಗದಿದ್ದರೆ, ಇಡೀ ಜಮೆಗೆ ಶುಲ್ಕ ಹಾಕಿರುವುದು, ಸರಾಸರಿ ಶಿಲ್ಕು ಇಳಿದು ಮಿತಿ ಕುಗ್ಗಿರುವುದು ಅಥವಾ ಖಾತೆಯ ದರ್ಜೆ ಬದಲಾಗಿರುವುದು ಕಾರಣವಿರಬಹುದು. ಲೆಕ್ಕದ ವಿವರವನ್ನು ಶಾಖೆಯಿಂದ ಬರವಣಿಗೆಯಲ್ಲಿ ಕೇಳಬೇಕು.

ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ cms.rbi.org.in ಜಾಲತಾಣದ ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಅಲ್ಲಿ ಏನನ್ನು ಕೇಳುತ್ತೇವೆ ಎಂಬುದು ಮುಖ್ಯ. ಶುಲ್ಕವನ್ನು ತಿಳಿಸದೆ ಹಾಕಿದ್ದಾರೆ, ಮುಂಚಿತವಾಗಿ ಸೂಚನೆ ಕೊಡದೆ ಬದಲಾಯಿಸಿದ್ದಾರೆ, ದರಪಟ್ಟಿಗೆ ವಿರುದ್ಧವಾಗಿ ಲೆಕ್ಕ ಹಾಕಿದ್ದಾರೆ ಎಂಬ ದೂರುಗಳು ಸೇವಾ ಲೋಪದ ವ್ಯಾಪ್ತಿಗೆ ಬರುತ್ತವೆ. ಸಾವಿರಕ್ಕೆ 4 ರೂಪಾಯಿ ಹೆಚ್ಚಾಯಿತು, ಐದು ಕಟ್ಟಿಗೆ ಇಷ್ಟು ಖರ್ಚಾಗುವುದಿಲ್ಲ ಎಂಬ ದೂರು ಬ್ಯಾಂಕಿನ ವಾಣಿಜ್ಯ ತೀರ್ಮಾನವನ್ನು ಪ್ರಶ್ನಿಸಿದಂತಾಗುವುದರಿಂದ ಅಲ್ಲಿ ನಿಲ್ಲುವುದಿಲ್ಲ. ಆ ಪ್ರಶ್ನೆಯನ್ನು ವರ್ತಕರ ಸಂಘಗಳು ಬ್ಯಾಂಕಿನ ಆಡಳಿತ ಮಂಡಳಿಯ ಮುಂದೆಯೋ ರಿಸರ್ವ್ ಬ್ಯಾಂಕಿನ ಮುಂದೆಯೋ, ಕಟ್ಟುಗಳ ಲೆಕ್ಕದೊಂದಿಗೆ, ಇಡಬೇಕಾಗುತ್ತದೆ.